ಮೂರು ಗೋದಾಮು, ಒಂದೇ ಬೆಳಿಗ್ಗೆ

ಬಾಣಂತನದ ರಜೆ ಮುಗಿಸಿ ನಾನು ಕೆಲಸಕ್ಕೆ ವಾಪಸಾದ ವಾರವೇ ನಮ್ಮ ಆಫೀಸಿನಲ್ಲಿ ‘ಓದೋ ದಿನ’ ಬಂತು. ಕೋಲಾರದ ನಮ್ಮ ಆಡಿಟ್ ಆಫೀಸು ದೊಡ್ಡದೇನಲ್ಲ. ನಮ್ಮ ಸಾರ್, ನಾನು, ನನಗಿಂತ ಕಿರಿಯನಾದ ಇನ್ನೊಬ್ಬ ಸಿಎ, ಜೊತೆಗೆ ಒಂದಿಷ್ಟು ಟ್ರೈನಿಗಳು. ಪ್ರತಿ ದೊಡ್ಡ ಆಡಿಟ್ ಶುರುವಾಗುವ ಮೊದಲು ಸಾರ್ ಪ್ಲಾನಿಂಗ್ ಮೆಮೊ ಬರೆದು, ಎಲ್ಲರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಾರೆ. ಯಾವ ಕಂಪನಿ, ಅದರಲ್ಲಿ ತಪ್ಪಾಗುವ ಸಂಭವ ಎಲ್ಲೆಲ್ಲಿ ಹೆಚ್ಚು, ಯಾವ ಕೆಲಸ ಯಾವಾಗ, ಅದನ್ನು ಯಾರು ಮಾಡುತ್ತಾರೆ, ಎಲ್ಲ ಅದರಲ್ಲಿರುತ್ತದೆ. ಓದುವಾಗ ಯಾರಾದರೂ ತಕರಾರು ಎತ್ತಲೇಬೇಕು, ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ. ಎಲ್ಲರೂ ಸುಮ್ಮನಿದ್ದರೆ ‘ಏನಮ್ಮಾ, ನಿದ್ದೇನಾ?’ ಅನ್ನುತ್ತಾರೆ.

ಅವತ್ತು ಓದಿದ್ದು ಶ್ರೀನಿವಾಸಪುರದ ಮಾವಿನ ಪಲ್ಪ್ ಕಾರ್ಖಾನೆಯ ಮೆಮೊ. ಆ ಕಾರ್ಖಾನೆಯ ದಾಸ್ತಾನು ಎಷ್ಟೋ ವರ್ಷದಿಂದ ನನ್ನ ಪಾಲಿನ ಕೆಲಸ. ಡ್ರಮ್ಮಿನೊಳಗೆ ಸೀಲ್ ಮಾಡಿದ ಚೀಲದಲ್ಲಿ ಪಲ್ಪ್ ಇರುತ್ತದೆ. ಚೀಲ ಬಿಚ್ಚಿದರೆ ಮಾಲು ಕೆಡುತ್ತದೆ, ಹಾಗಾಗಿ ಒಳಗೇನಿದೆ ಎಂದು ಇಣುಕಿ ನೋಡುವ ಹಾಗಿಲ್ಲ. ಸೀಲ್ ನೋಡಬೇಕು, ಬ್ಯಾಚಿನ ಚೀಟಿ ನೋಡಬೇಕು, ಕೆಲವನ್ನು ತೂಗಿಸಬೇಕು, ಲ್ಯಾಬ್ ವರದಿಗೆ ಹೊಂದಿಸಬೇಕು. ಹಳೇ ಬ್ಯಾಚು ಅವಧಿ ಮುಗಿಯುವುದಕ್ಕೆ ಹತ್ತಿರ ಬಂದಿದ್ದರೆ ಅದಕ್ಕೆ ಪೂರ್ತಿ ಬೆಲೆ ಕಟ್ಟುವಂತಿಲ್ಲ. ಇದೆಲ್ಲ ನನಗೆ ಕರತಲಾಮಲಕ. ಅಲ್ಲಿನ ಮ್ಯಾನೇಜರಿಗೂ ನನ್ನ ಕಂಡರೆ ಸ್ವಲ್ಪ ಭಯ, ಅದು ನನಗೆ ಇಷ್ಟ.

ಸಾರ್ ಓದುತ್ತಾ ಹೋದರು. ಹೆಚ್ಚಿನ ಅಪಾಯದ ಜಾಗಗಳು: ಮೊದಲನೆಯದು ದಾಸ್ತಾನು, ಎರಡನೆಯದು ವರ್ಷದ ಕೊನೆಗೆ ಕಳಿಸಿದ ಮಾಲನ್ನು ಯಾವ ವರ್ಷದ ಮಾರಾಟಕ್ಕೆ ಸೇರಿಸಿದ್ದಾರೆ ಎಂಬುದು, ಆಮೇಲೆ ಮಂಡಿಯಲ್ಲಿ ನಗದಿಗೆ ಕೊಂಡ ಹಣ್ಣು. ತಂಡ: ದಾಸ್ತಾನಿಗೆ ನನ್ನ ಕಿರಿಯ ಸಹೋದ್ಯೋಗಿ. ನನಗೆ ಟಿಡಿಎಸ್ ಮತ್ತು ಜಿಎಸ್‌ಟಿ ತಾಳೆ ನೋಡುವ ಕೆಲಸ, ಆಫೀಸಿನಲ್ಲೇ ಕೂತು.

ನನ್ನ ಕಿವಿ ಬಿಸಿಯಾಯಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಮೆಲ್ಲಗೆ, “ಅಕ್ಕಾ, ನಾನ್ ಕೇಳಿದ್ದಲ್ಲ ಇದು” ಎಂದ. ಅವನ ಮುಖ ನೋಡಿದರೆ ನನಗಿಂತ ಅವನಿಗೇ ಹೆಚ್ಚು ಕಷ್ಟವಾಗಿತ್ತು.

ಸಾರ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳ ಸುಲಭವಾಗುತ್ತಿತ್ತು. ಮಗುವಿನ ನಾಮಕರಣಕ್ಕೆ ಮೊದಲು ಬಂದು ಕೊನೆಗೆ ಹೋದವರು ಅವರು. ನನ್ನ ಮೇಲಿನ ಕನಿಕರದಿಂದಲೇ ಹೀಗೆ ಬರೆದಿದ್ದರು. ಆದರೆ ಈ ‘ಪಾಪ’ ಅನ್ನುವ ಮಾತಿದೆಯಲ್ಲ, ಅದನ್ನು ಕೇಳಿ ಕೇಳಿ ನಾನು ರೋಸಿಹೋಗಿದ್ದೆ. ಪಾಪ ಮಗು ಇದೆ, ಪಾಪ ನಿದ್ದೆ ಇಲ್ಲ, ಪಾಪ ಓಡಾಡಬಾರದು. ಮಗು ಹುಟ್ಟಿದ ಮೇಲೆ ಸುಲಭದ ಕೆಲಸಕ್ಕೆ ಕೂತ ಹೆಂಗಸರನ್ನು ನಾನು ನೋಡಿದ್ದೇನೆ. ಒಂದು ವರ್ಷಕ್ಕೆ ಎಂದು ಕೂತವರು ಅಲ್ಲೇ ಉಳಿದರು. ದಾಸ್ತಾನು ಈ ವರ್ಷ ನನ್ನ ಕೈತಪ್ಪಿದರೆ ಮುಂದಿನ ವರ್ಷ ಯಾರೂ ಕರೆದು ವಾಪಸು ಕೊಡುವುದಿಲ್ಲ. ಸಾರ್ ಜೊತೆ ಪಾಲುದಾರಳಾಗುವ ನನ್ನ ಆಸೆಯೂ ಅಲ್ಲಿಗೇ ಮುಗಿಯುತ್ತಿತ್ತು.

ಹಾಗೆಂದು ಅಳುತ್ತಾ ಕೇಳುವುದು ನನ್ನ ಜಾಯಮಾನವಲ್ಲ. ಮೆಮೊ ಈಸಿಕೊಂಡು ಮತ್ತೆ ಓದಿದೆ. ಕಾರ್ಖಾನೆಯವರು ಈ ವರ್ಷ ಹೊಸದಾಗಿ ಮುಳಬಾಗಿಲಿನಲ್ಲೂ ಮಾಲೂರಿನಲ್ಲೂ ಗೋದಾಮು ಬಾಡಿಗೆಗೆ ಹಿಡಿದಿದ್ದರು. ಸಾರ್ ಅದನ್ನು ಸೇರಿಸಿದ್ದರು. ಆದರೆ ನಮ್ಮದು ಹೋದ ವರ್ಷದ ಮೆಮೊ ತೆಗೆದು ತಿದ್ದುವ ಪದ್ಧತಿ. ಒಂದು ಕಾರು, ಒಂದು ತಂಡ, ಮಾರ್ಚ್ ಮೂವತ್ತೊಂದಕ್ಕೆ ಎಣಿಕೆ. ಆಗ ಇದ್ದದ್ದು ಒಂದೇ ಗೋದಾಮು, ಅದು ಸಾಕಾಗಿತ್ತು. ಈಗ ಅದೇ ತಂಡ ಮೊದಲು ಶ್ರೀನಿವಾಸಪುರ, ಮರುದಿನ ಮುಳಬಾಗಿಲು, ಅದರ ಮರುದಿನ ಮಾಲೂರು ಎಂದು ಮುಂದುವರಿದಿತ್ತು.

“ಸಾರ್, ಇವತ್ತು ಶ್ರೀನಿವಾಸಪುರದಲ್ಲಿ ಎಣಿಸಿದ ಡ್ರಮ್ಮು ರಾತ್ರಿ ಲಾರಿ ಹತ್ತಿದ್ರೆ?” ಎಂದು ಕೇಳಿದೆ.

“ಯಾಕೆ ಹತ್ತುತ್ತೆ?”

“ಹತ್ಬೇಕಂತ ಇಲ್ಲ ಸಾರ್, ಹತ್ಬಹುದು. ನಾಳೆ ಮುಳಬಾಗಿಲಲ್ಲಿ ಅದನ್ನೇ ಇನ್ನೊಂದ್ಸಲ ಎಣಿಸ್ತೀವಿ. ನೀವೇ ದಾಸ್ತಾನನ್ನ ಮೊದಲನೇ ಅಪಾಯ ಅಂತ ಬರ್ದಿದೀರಿ. ಟೈಮಿಂಗಲ್ಲಿ ಅದಕ್ಕೆ ಬಾಗಿಲು ತೆಗೆದಿಟ್ಟಿದೀರಿ.”

ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೂರೂ ಕಡೆ ಒಂದೇ ಬೆಳಿಗ್ಗೆ ಎಣಿಸ್ಬೇಕು,” ಎಂದೆ. “ಮೂರೂ ಕಡೆ ಮುಗಿಯೋವರ್ಗೂ ಲಾರಿ ಕದಲ್ಬಾರ್ದು. ಒಬ್ರು ಮೂರೂ ಕಡೆಯಿಂದ ಕೇಳ್ಕೊಂಡು, ಆಮೇಲೆ ಬಿಡಿ ಅಂತ ಹೇಳ್ಬೇಕು.”

“ಅದಿ ಕಾದಮ್ಮಾ,” ಅದಲ್ಲಮ್ಮಾ ಎಂದು ಸಾರ್ ತೆಲುಗಿಗೆ ಜಾರಿದರು. ಇಕ್ಕಟ್ಟಿಗೆ ಸಿಕ್ಕಾಗ ಅವರಿಗೆ ತೆಲುಗೇ ಬರುವುದು. “ಮೂರು ಕಡೆ ಅಂದ್ರೆ ಮೂರು ಜನ ಸೀನಿಯರ್ ಬೇಕಲ್ಲ. ಎಲ್ಲಿದಾರೆ?”

“ಇದೀವಲ್ಲ ಸಾರ್. ನೀವು, ಇವನು, ನಾನು.”

“ಮಗು ಇನ್ನೂ ಹಾಲು ಕುಡಿಯುತ್ತೆ, ನೀನು ಗೋದಾಮಲ್ಲಿ...”

“ಸಾರ್, ಅದು ನನ್ನ ಮನೆ ಪ್ಲಾನಿಂಗು. ಅದನ್ನ ನಾನು ಮಾಡ್ಕೊಂಡಿದೀನಿ. ನೀವು ಕಂಪನಿ ಪ್ಲಾನಿಂಗ್ ಮಾಡಿ.”

ಬಾಯಿಂದ ಬಂದ ಮೇಲೆ ನನಗೇ ಅಂಜಿಕೆಯಾಯಿತು. ಇಷ್ಟು ಜೋರಾಗಿ ನಾನು ಅವರ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ಆಗ ನನ್ನ ಸಹೋದ್ಯೋಗಿ ಗಂಟಲು ಸರಿಮಾಡಿಕೊಂಡು, “ಸಾರ್, ಆ ಬ್ಯಾಚ್ ನಂಬರು ನೋಡಿ ಹಳೇದು ಯಾವ್ದು, ಹೊಸದು ಯಾವ್ದು ಅಂತ ನಂಗೆ ತಿಳಿಯಲ್ಲ. ಶ್ರೀನಿವಾಸಪುರಕ್ಕೆ ಅಕ್ಕಾನೇ ಬೇಕು. ನಾನು ಮುಳಬಾಗಿಲು ನೋಡ್ಕೋತೀನಿ” ಎಂದ. ನನಗೆ ಅವನನ್ನು ಅಲ್ಲೇ ತಬ್ಬಿಕೊಳ್ಳೋಣ ಅನ್ನಿಸಿತು.

ಸಾರ್ ಮೆಮೊ ವಾಪಸು ತೆಗೆದುಕೊಂಡು ತಮ್ಮ ರೂಮಿಗೆ ಹೋದರು. ಮನೆಗೆ ಬಂದು ಹೇಳಿದಾಗ, ಬಾಣಂತನಕ್ಕೆಂದು ನಮ್ಮೂರು ಆವನಿಯಿಂದ ಬಂದು ಇನ್ನೂ ನನ್ನ ಜೊತೆಗಿದ್ದ ಅಮ್ಮ, “ಅಷ್ಟು ಒಳ್ಳೇವ್ರ ಹತ್ರ ಹಂಗ್ ಮಾತಾಡ್ಬೋದೇನೇ?” ಎಂದು ಬೈದಳು. ಬೈದು ಮುಗಿಸಿ, “ನಾನೂ ಬರ್ತೀನಿ ಬಿಡು ಶ್ರೀನಿವಾಸಪುರಕ್ಕೆ. ಮಗೂನ ಎತ್ಕೊಂಡು ಅಲ್ಲೇ ಎಲ್ಲಾದ್ರೂ ಕೂತಿರ್ತೀನಿ” ಎಂದಳು.

ಮಾರನೆಯ ದಿನ ಬದಲಾದ ಮೆಮೊ ನನ್ನ ಮೇಜಿನ ಮೇಲಿತ್ತು. ಎಣಿಕೆ ಮೂರೂ ಕಡೆ ಒಂದೇ ಬೆಳಿಗ್ಗೆ. ಶ್ರೀನಿವಾಸಪುರ ನನಗೆ, ಮುಳಬಾಗಿಲು ಸಹೋದ್ಯೋಗಿಗೆ, ಮಾಲೂರು ಸಾರ್‌ಗೆ. ಮೂರೂ ಕಡೆಯಿಂದ ಕೇಳಿಕೊಂಡು ಲಾರಿ ಬಿಡಿಸುವ ಕೆಲಸವೂ ನನಗೇ. ಟಿಡಿಎಸ್ ಒಬ್ಬ ಟ್ರೈನಿಗೆ. ಸಾರ್ ಮುಖ ಕೊಟ್ಟು ಮಾತಾಡಲಿಲ್ಲ, ನಾನೂ ಕೆದಕಲಿಲ್ಲ. ಬೇಸರ ಮಾಡಿಕೊಂಡಿದ್ದಾರೆ ಅಂದುಕೊಂಡೆ.

ಎಣಿಕೆಯ ದಿನ ಅಮ್ಮ ಕಾರ್ಖಾನೆಯ ಅತಿಥಿಗಳ ಕೋಣೆಯಲ್ಲಿ ಮಗುವನ್ನು ಮಲಗಿಸಿಕೊಂಡಿದ್ದಳು. ನಾನು ಟ್ರೈನಿಗಳ ಜೊತೆ ಸಾಲು ಸಾಲು ಡ್ರಮ್ಮುಗಳ ನಡುವೆ ಓಡಾಡಿದೆ. ಒಂದು ಮೂಲೆಯಲ್ಲಿ ಹಳೇ ಬ್ಯಾಚಿನ ಡ್ರಮ್ಮುಗಳನ್ನು ಹೊಸದರ ಹಿಂದೆ ಪೇರಿಸಿದ್ದರು. ಸರಿಸಿ ಎಂದೆ. ಮ್ಯಾನೇಜರು ಗೊಣಗುತ್ತಾ ಸರಿಸಿದ. ಅವುಗಳ ಅವಧಿ ಬರೆದುಕೊಂಡೆ. ನಡುವೆ ಹೋಗಿ ಮಗುವಿಗೆ ಹಾಲು ಕೊಟ್ಟು ಬಂದೆ. ಎರಡೂ ಕೆಲಸ ನಡೆದವು, ಪ್ರಪಂಚ ಮುಳುಗಲಿಲ್ಲ.

ನಮ್ಮಲ್ಲಿ ಎಣಿಕೆ ಮುಗಿಯುವ ಹೊತ್ತಿಗೆ ಮಾಲೂರಿನಿಂದ ಸಾರ್ ಫೋನ್ ಮಾಡಿದರು.

“ಮೇಡಂ,” ಎಂದರು. ಯಾರೋ ಬೇರೆಯವರಿಗೆ ಹೇಳುತ್ತಿದ್ದಾರೆ ಅಂದುಕೊಂಡೆ. “ಮೇಡಂ, ಮಾಲೂರು ಮುಗೀತು. ಲೆಕ್ಕ ತಾಳೆಯಾಯ್ತು. ಒಂದು ಲಾರಿ ನಿಂತಿದೆ, ಡ್ರೈವರು ಅರ್ಜೆಂಟ್ ಅಂತಿದಾನೆ. ಬಿಡ್ಲಾ?”

ಇಪ್ಪತ್ತರ ಹುಡುಗಿಯಾಗಿದ್ದಾಗಿನಿಂದ ನನ್ನ ತಪ್ಪು ತಿದ್ದುತ್ತಾ ಬಂದ ಮನುಷ್ಯ ನನ್ನ ಅಪ್ಪಣೆ ಕೇಳುತ್ತಿದ್ದರು. ತಮಾಷೆಗಲ್ಲ ಅಂತ ದನಿಯಲ್ಲೇ ಗೊತ್ತಾಗುತ್ತಿತ್ತು.

“ಬೇಡ ಸಾರ್,” ಎಂದೆ. “ಮುಳಬಾಗಿಲು ಇನ್ನೂ ಮುಗ್ದಿಲ್ಲ.”

“ಸರಿ ಮೇಡಂ. ಗೇಟಲ್ಲೇ ಕೂತಿರ್ತೀನಿ. ನೀವು ಹೇಳೋವರ್ಗೂ ಏಳಲ್ಲ.”