ನಾನೂರ ಎಂಟು ಫ್ರೇಮಿನ ಭದ್ರಾವತಿ

ಭದ್ರಾವತಿ ಹಳೇನಗರದ ಫೋಟೋ ಸ್ಟುಡಿಯೋದ ಉಜ್ಜನಪ್ಪ ಮೂವತ್ತು ವರ್ಷ ಮದುವೆ ಆಲ್ಬಮ್ ಮಾಡಿದವನು. ಅವನ ಹೆಸರು ಮಾತ್ರ ಒಂದು ಗೋಡೆಯನ್ನೂ ಏರಿರಲಿಲ್ಲ. ಜನ ಫೋಟೋಗೆ ಕಟ್ಟು ಹಾಕಿಸುವಾಗ ಮೊದಲು ಕತ್ತರಿಸುತ್ತಿದ್ದದ್ದೇ ಮೂಲೆಯ ಅವನ ಮುದ್ರೆಯನ್ನು.

ಹೀಗಿರುವಾಗ ಶಿವಮೊಗ್ಗದ ಒಂದು ನಗರಾಭಿವೃದ್ಧಿ ಕಚೇರಿಗೆ ತನ್ನ ಸಾಧನೆಯನ್ನು ಜನ ಹತ್ತಿರದಿಂದ ನೋಡಲಿ ಎಂಬ ಆಸೆ ಹುಟ್ಟಿತು. ಎಷ್ಟು ಹಿಗ್ಗಿಸಿದರೂ ಮಸುಕಾಗದಂಥ, ಭದ್ರಾವತಿಯ ಗಿಗಾಪಿಕ್ಸೆಲ್ ಚಿತ್ರ ಬೇಕು, ಮೂಲೆಯಲ್ಲಿ ತೆಗೆದವನ ಹೆಸರೂ ಇರಲಿ ಎಂದರು ಅಲ್ಲಿನ ಎಂಜಿನಿಯರ್ ಸುದರ್ಶನ. ಹೆಸರು ಎಂದ ಕೂಡಲೇ ಉಜ್ಜನಪ್ಪ ಕರಗಿಹೋದ.

ಬಿಸಿಲೇರಿದರೆ ದೂರದ್ದೆಲ್ಲ ನಡುಗಿದಂತೆ ಕಾಣುತ್ತದೆಂದು ಬೆಳಗಿನ ಆರೂವರೆಗೇ ನೀರಿನ ಟ್ಯಾಂಕ್ ಹತ್ತಿದ. ಉದ್ದ ಲೆನ್ಸು, ಸ್ಟ್ಯಾಂಡಿನ ಮೇಲೆ ತಾನೇ ತಿರುಗುವ ಮೋಟಾರು. ಬೆಳಕು, ಬಣ್ಣ, ಫೋಕಸ್ ಯಾವುದೂ ನಡುವೆ ಬದಲಾಗದಂತೆ ಬಿಗಿಮಾಡಿ, ಒಂದೊಂದು ಫ್ರೇಮೂ ಪಕ್ಕದ್ದರ ಮೂರನೇ ಒಂದು ಪಾಲನ್ನು ಹೊದ್ದುಕೊಳ್ಳುವಂತೆ, ಸಾಲಿಗೆ ಮೂವತ್ನಾಲ್ಕರಂತೆ ಹನ್ನೆರಡು ಸಾಲು ತೆಗೆದ. ಕಂಪ್ಯೂಟರು ಎರಡು ದಿನ ಕೂತು ಪಕ್ಕಪಕ್ಕದ ಫ್ರೇಮುಗಳಲ್ಲಿ ಒಂದೇ ಗುರುತುಗಳನ್ನು ಹುಡುಕಿ ಎಲ್ಲವನ್ನೂ ಹೊಲಿಯಿತು. ಬಲಮೂಲೆಯಲ್ಲಿ ಸಂಕೋಚದಿಂದ ಸಣ್ಣಗೆ ತನ್ನ ಹೆಸರು ಬರೆದ.

"ನಾನೂರ ಎಂಟು ಫ್ರೇಮು, ಒಂದೊಂದೂ ಎರಡು ಕೋಟಿ ನಲವತ್ತು ಲಕ್ಷ ಪಿಕ್ಸೆಲ್ಲು. ಸಾವಿರ ಕೋಟಿ ಅಂತ ಹಾಕ್ಸೋಣ," ಎಂದರು ಸುದರ್ಶನ.

"ಒಂದ್ರ ಮೇಲೊಂದು ಬಿದ್ದಿದ್ದು ಕಳೀಬೇಕಲ್ಲ ಸಾರ್. ನಾನೂರು ಕೋಟಿ ಚಿಲ್ರೆ ಉಳಿಯುತ್ತೆ."

ಕಚೇರಿಯ ಲೆಕ್ಕದಲ್ಲಿ ಅಂಥ ಕಳೆಯುವ ಪದ್ಧತಿ ಇರಲಿಲ್ಲ. ಸಾವಿರ ಕೋಟಿ ಎಂದೇ ಉದ್ಘಾಟನೆಯ ಆಮಂತ್ರಣ ಅಚ್ಚಾಯಿತು.

ಸುದರ್ಶನ ಪರದೆಯ ಮೇಲೆ ಬೆರಳಾಡಿಸಿ ಚಿತ್ರ ಹಿಗ್ಗಿಸುತ್ತ ಹೋದರು. ಅರ್ಧ ಕಿಲೋಮೀಟರ್ ದೂರದ ಬೋರ್ಡೊಂದು ಸ್ಪಷ್ಟವಾಗಿ ನಿಂತಿತು: 'ಉದ್ಯಾನ ಕಾಮಗಾರಿ ಪೂರ್ಣ'. ಬೋರ್ಡಿನ ಹಿಂದೆ ಆಳೆತ್ತರದ ಪಾರ್ಥೇನಿಯಂ ಕಳೆ, ನಡುವೆ ಒಂದು ಎಮ್ಮೆ.

"ಆ ಫ್ರೇಮ್ ತೆಗೆದುಬಿಡ್ರೀ."

"ತೆಗೆದ್ರೂ ಪಕ್ಕದ್ದರಲ್ಲಿ ಇದೆ ಸಾರ್. ಅದು ಮೂಲೆಗೆ ಬಿದ್ದಿರೋ ಜಾಗ, ನಾಲ್ಕು ಫ್ರೇಮಲ್ಲೂ ಬಂದಿದೆ. ನಾಲ್ಕೂ ತೆಗೆದ್ರೆ ಊರಲ್ಲಿ ತೂತು ಬೀಳುತ್ತೆ."

ಸುದರ್ಶನ ಎರಡು ಹೆಜ್ಜೆ ಹಿಂದೆ ಸರಿದು ಪರದೆ ನೋಡಿದರು. "ಹಾಗಿದ್ರೆ ಇಡೀ ಚಿತ್ರಾನೇ ಚಿಕ್ಕದು ಮಾಡಿ. ಒಂದೇ ಫ್ರೇಮಿನಷ್ಟು ಸಾಕು."

ಒಂದು ಸಲ ಕ್ಲಿಕ್ಕಿಸಿದ್ದರೆ ಬರುತ್ತಿದ್ದಷ್ಟಕ್ಕೆ ನಾನೂರ ಎಂಟು ಸಲ ಕ್ಲಿಕ್ಕಿಸಿದಂತಾಯಿತು. ಆದರೂ ಹೆಸರಿನ ಆಸೆಗೆ ಉಜ್ಜನಪ್ಪ ಹೇಳಿದಂತೆ ಮಾಡಲು ಕೂತ. ಈ ಪುಕ್ಕಲುತನಕ್ಕೆ ನಾನು ಅವನನ್ನು ಕ್ಷಮಿಸಲಾರೆ, ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಚಿತ್ರ ಕುಗ್ಗಿತು. ಬೋರ್ಡು ಚುಕ್ಕೆಯಾಯಿತು, ಎಮ್ಮೆ ಕರಗಿತು, ಪಾರ್ಥೇನಿಯಂ ಹಸಿರು ಹುಲ್ಲುಹಾಸಾಯಿತು.

"ನೋಡಿ, ಎಷ್ಟು ಚೆನ್ನಾಗಿದೆ ಪಾರ್ಕು," ಎಂದರು ಸುದರ್ಶನ.

ಉದ್ಘಾಟನೆಗೆ ಉಜ್ಜನಪ್ಪ ಹೆಂಡತಿ ಶಾಂತಮ್ಮನಿಗೆ ಹೊಸ ಸೀರೆ ಉಡಿಸಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದ. ಗೋಡೆಯ ಪರದೆಯಲ್ಲಿ ಜನ ತಮ್ಮ ತಮ್ಮ ಮನೆ ಹಿಗ್ಗಿಸಿ ನೋಡಿ, ಮಸುಕು ಕಂಡು, ಕಾಫಿಯ ಕಡೆ ನಡೆದರು. ಶಾಂತಮ್ಮ ಕನ್ನಡಕ ಒರೆಸಿಕೊಂಡು ಬಲಮೂಲೆಗೆ ಬಗ್ಗಿದಳು. ಅಲ್ಲಿ ಬೂದು ಬಣ್ಣದ ಒಂದು ಗೆರೆ ಇತ್ತು.

"ನಿಮ್ ಹೆಸರು ಎಲ್ರೀ?"

"ಆ ಗೆರೇನೇ ಮಾರಾಯ್ತಿ," ಎಂದ ಉಜ್ಜನಪ್ಪ. "ಪಾರ್ಕು ಬರೋ ಹೊತ್ತಿಗೆ ನಾನು ಹೋದೆ."