ಗಿರಿಜತ್ತೆಯ ಫೋಟೋದ ಕೆಳಗಿನ ಸಾಲು

ಮೈದಾ ಹಿಟ್ಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದ ಅಂಟಿನ ವಾಸನೆ ಈಗ ಎಲ್ಲೂ ಸಿಗುವುದಿಲ್ಲ ಅಂದುಕೊಂಡಿದ್ದೆ. ಮೊನ್ನೆ ಹರಿಹರದ ಒಂದು ಗಲ್ಲಿಯಲ್ಲಿ ಯಾರೋ ಗೋಡೆಗೆ ಪೋಸ್ಟರ್ ಹಚ್ಚುತ್ತಿದ್ದರು. ಬಕೆಟ್ಟಿನಿಂದ ಆ ಹುಳಿಹುಳಿ, ಬೆಚ್ಚಗಿನ ವಾಸನೆ ಎದ್ದು ಬಂದದ್ದೇ ತಡ, ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕೈಯಲ್ಲಿ ತರಕಾರಿ ಚೀಲ ಹಿಡಿದ ನಲವತ್ತು ದಾಟಿದ ಹೆಂಗಸು ಪೋಸ್ಟರ್ ಅಂಟಿಸುವವನನ್ನು ನೋಡುತ್ತಾ ನಿಂತರೆ ಜನ ಏನೆಂದುಕೊಳ್ಳಬೇಕು? ಏನಾದರೂ ಅಂದುಕೊಳ್ಳಲಿ. ಆ ವಾಸನೆಯ ಹಿಂದೆ ಒಂದು ಇಡೀ ಮನೆ ಇತ್ತು. ನಿಮಗೂ ಅಂಥದ್ದೊಂದು ವಾಸನೆ ಇದ್ದೇ ಇರುತ್ತದೆ, ಹಾಗಾಗಿ ನಾನು ಹೆಚ್ಚು ವಿವರಿಸಬೇಕಿಲ್ಲ.

ಹಳೇ ದಾವಣಗೆರೆಯ ನಮ್ಮ ಮನೆಯ ಮುಂಭಾಗದಲ್ಲಿ ಅಪ್ಪನ ಅಂಗಡಿ ಇತ್ತು, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಗಾಜು ಕೊಯ್ಯುವ ಕಿರ್ ಎನ್ನುವ ಸದ್ದು, ಗರಗಸದ ಹೊಟ್ಟು, ಒಳಗಿನ ಒಲೆಯ ಮೇಲೆ ಅಂಟಿನ ಪಾತ್ರೆ, ಅದರ ಪಕ್ಕದಲ್ಲೇ ನಮ್ಮ ಸಾರಿನ ಪಾತ್ರೆ. ಎರಡನ್ನೂ ಒಂದೇ ಸೌಟಿನಲ್ಲಿ ತಿರುವಿಬಿಡಬೇಡಿ ಎಂದು ಅಮ್ಮ ದಿನಾ ಬೈಯುತ್ತಿದ್ದಳು. ದೇವರ ಪಟಗಳು, ಮದುವೆಯ ಜೋಡಿಗಳು, ಮುಸ್ಲಿಂ ಮನೆಯವರು ತರುತ್ತಿದ್ದ ಮೆಕ್ಕಾದ ಚಿತ್ರ, ಎಲ್ಲವೂ ಅಲ್ಲಿ ಗೋಡೆಗೊರಗಿ ತಮ್ಮ ಸರದಿಗೆ ಕಾಯುತ್ತಿದ್ದವು. ಆದರೆ ಅಪ್ಪನಿಗೆ ಹೆಸರು ತಂದದ್ದು ಅಕ್ಷರ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಜನ ಅವರ ಫೋಟೋ ದೊಡ್ಡದು ಮಾಡಿಸಿ ತರುತ್ತಿದ್ದರು. ಅಪ್ಪ ಅದರ ಸುತ್ತಲಿನ ದಪ್ಪ ರಟ್ಟಿನ ಮೇಲೆ ಸಣ್ಣ ಕುಂಚದಿಂದ ಹೆಸರು, ಜನನ, ಲಿಂಗೈಕ್ಯ ಎಂದು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು. ಒಬ್ಬರೇ ಇರುವ ಫೋಟೋದ ಕೆಳಗೆ ಅಕ್ಷರ ಇದೆ ಅಂದರೆ ಆ ಮನುಷ್ಯ ಇಲ್ಲ ಎಂದೇ ಲೆಕ್ಕ. ನಮ್ಮ ಓಣಿಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಆ ಲೆಕ್ಕ ತಪ್ಪಿಸಿದವಳು ನನ್ನ ಗಿರಿಜತ್ತೆ, ಅಪ್ಪನ ತಂಗಿ. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು, ಚಿಕ್ಕ ವಯಸ್ಸಿಗೆ ಮದುವೆ ಮಾಡಿದ್ದರು, ಎರಡು ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡು ತವರಿಗೆ ಬಂದಿದ್ದಳು. ನಾನು ನೋಡುವಾಗಲೇ ಅವಳು ಹರಿಹರದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಕೆಲಸಕ್ಕಿದ್ದಳು. ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದಳು. ಒಗ್ಗರಣೆಯ ಘಾಟು ಅವಳ ಸೀರೆಯಲ್ಲಿ ಸದಾ ಇರುತ್ತಿತ್ತು, ಮಡಿಲಲ್ಲಿ ಮಲಗಿದರೆ ಮೂಗಿಗೆ ಬಡಿಯುವುದು ಅದೇ. ತೊಂಬತ್ತರ ದಶಕದ ಕೊನೆಯ ಭಾಗದಲ್ಲಿ, ಒಂದು ಸಂಜೆ ಬಂದವಳೇ ಚಪ್ಪಲಿ ಬಿಡುತ್ತಾ, "ಅಣ್ಣ, ನಾ ರಾತ್ರಿ ಶಾಲೆಗೆ ಸೇರೀನಿ. ಎಸ್ಸೆಸ್ಸೆಲ್ಸಿ ಕಟ್ತೀನಿ," ಎಂದಳು. ಕೇಳಿದ್ದಲ್ಲ, ಹೇಳಿದ್ದು. ಅಪ್ಪ ಗಾಜು ಕೊಯ್ಯುವುದನ್ನು ನಿಲ್ಲಿಸಿ ಅವಳನ್ನು ನೋಡಿ, ಮತ್ತೆ ಗಾಜು ಕೊಯ್ದರು.

ರಾತ್ರಿ ಶಾಲೆ ಎಂದರೆ ನಮ್ಮದೇ ಪ್ರಾಥಮಿಕ ಶಾಲೆಯ ಕಟ್ಟಡ. ಹಗಲು ನಾವು ಕೂತೆದ್ದ ಕೋಣೆಯಲ್ಲಿ ಸಂಜೆ ದೊಡ್ಡವರು ಕೂರುತ್ತಿದ್ದರು. ಮಂಡಕ್ಕಿ ಭಟ್ಟಿಯವರು, ಗ್ಯಾರೇಜಿನವರು, ಹೋಟೆಲಿನವರು, ಚಿಕ್ಕ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ಬರುವ ಹಾಗೆ ಮುದುಡಿಕೊಂಡು. ಹಗಲು ಬೇರೊಂದು ಹೈಸ್ಕೂಲಿನಲ್ಲಿ ಪಾಠ ಮಾಡುವ ಮೇಷ್ಟ್ರೊಬ್ಬರು ಅಲ್ಲಿ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದರು. ಆ ಶಾಲೆಗೆ ತನ್ನದೇ ಪರೀಕ್ಷೆ ಇರಲಿಲ್ಲ. ಓದಿದವರು ಏಳನೇ ಕ್ಲಾಸಿನ ಟೀಸಿ ಹುಡುಕಿ ತಂದು, ಮಾನ್ಯತೆ ಇರುವ ಹೈಸ್ಕೂಲಿನ ಮೂಲಕ ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆ ಕಟ್ಟಬೇಕಿತ್ತು. ಉಳಿದ ಹೆಂಗಸರು ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿ ತರುತ್ತಿದ್ದರು. ನಮ್ಮತ್ತೆ ವಿಜ್ಞಾನದ ಪುಸ್ತಕವನ್ನು ಎದೆಗಾನಿಸಿಕೊಂಡು, ಹೆಸರು ಎಲ್ಲರಿಗೂ ಕಾಣುವ ಹಾಗೆ ಓಣಿಯ ನಡುವೆಯೇ ಬರುತ್ತಿದ್ದಳು. ರೈಲಿನಲ್ಲಿ ಯಾರಾದರೂ, "ಪುಸ್ತಕ ಮಗಳದೇನ್ರಿ?" ಎಂದರೆ, "ನಂದು ರಿ" ಎಂದು ಹೇಳಿ ಹಾಳೆ ಮಗುಚುತ್ತಿದ್ದಳಂತೆ. ಭಾನುವಾರ ಹಿತ್ತಲಲ್ಲಿ ನನ್ನ ಜೊತೆ ಕೂತು ಬೀಜಗಣಿತ ಮಾಡುವಾಗ ಮಾತ್ರ ಅವಳ ಜಂಬ ಕರಗುತ್ತಿತ್ತು. "ಈ ಎಕ್ಸ್ ಅನ್ನೋನು ಯಾರ ಮನೆಯೋನೇ? ದಿನಕ್ಕೊಂದು ಬೆಲೆ ಹೇಳ್ತಾನೆ," ಎಂದು ಸ್ಲೇಟನ್ನು ನನ್ನ ತೊಡೆಯ ಮೇಲೆ ಎಸೆದುಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಾನೇ ಎತ್ತಿಕೊಳ್ಳುತ್ತಿದ್ದಳು.

ಪರೀಕ್ಷೆಯ ದಿನ ಕೇಂದ್ರದ ಗೇಟಿನವರೆಗೆ ನಾನೂ ಹೋಗಿದ್ದೆ. ಗೇಟಿನಲ್ಲಿದ್ದ ಮಾಸ್ತರರು, "ಪಾಲಕರು ಹೊರಗ ನಿಲ್ರಿ," ಎಂದು ಕೈ ಅಡ್ಡ ಹಿಡಿದರು. ಅತ್ತೆ ಹಾಲ್ ಟಿಕೆಟ್ಟನ್ನು ಅವರ ಮುಖದ ಮುಂದೆ ಹಿಡಿದು, "ಪರೀಕ್ಷೆ ನಂದು ರಿ. ಹೊರಗ ನಿಂತ್ರ ಬರಿಯೋರ್ಯಾರು?" ಎಂದಳು. ಜಡೆ ಹಾಕಿದ ಹುಡುಗಿಯರ ನಡುವೆ ಕ್ಯಾಂಟೀನಿನ ಸೀರೆಯುಟ್ಟು ಅವಳು ಒಳಗೆ ಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಸಲ ಐದು ವಿಷಯ ಪಾಸಾಗಿ ಗಣಿತದಲ್ಲಿ ಫೇಲಾದಳು. ಯಾರಿಗೂ ಹೇಳಬೇಡ ಎಂದು ಅವಳ ಅವ್ವ, ನನ್ನ ಅಜ್ಜಿ, ಎಷ್ಟು ಬೇಡಿಕೊಂಡರೂ ಕೇಳದೆ, ವಿಚಾರಿಸಿದವರಿಗೆಲ್ಲ "ಗಣಿತ ಹೋತು, ಮತ್ತ ಕಟ್ತೀನಿ" ಎಂದು ತಾನೇ ಸಾರಿದಳು. ಪಾಸಾದ ವಿಷಯಗಳನ್ನು ಮತ್ತೆ ಬರೆಯಬೇಕಿರಲಿಲ್ಲ. ಮಳೆಗಾಲ ಮುಗಿಯುತ್ತಾ ಬಂದಾಗ ನಡೆಯುವ ಪೂರಕ ಪರೀಕ್ಷೆಗೆ ಗಣಿತ ಒಂದನ್ನೇ ಕಟ್ಟಿ ಬರೆದಳು. ಹೈಸ್ಕೂಲಿನ ನೋಟಿಸ್ ಬೋರ್ಡಿನಲ್ಲಿ ತನ್ನ ನಂಬರು ಕಂಡ ದಿನ ಮನೆಗೆ ಬಂದು ಅಂಟಿನ ಪಾತ್ರೆಯ ಮುಂದೆ ಕೂತು ಗಳಗಳ ಅತ್ತಳು. ಆಗ ಅವಳಿಗೆ ಮೂವತ್ತೆಂಟು.

ಅತ್ತದ್ದು ಅಷ್ಟೇ. ಮರುವಾರ ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸಿಕೊಂಡಳು. ಪದವಿ ಪಡೆದವರಿಗೆಂದು ಸ್ಟುಡಿಯೋದವರು ಇಟ್ಟಿದ್ದ ಕರಿ ಗೌನು, ಟೋಪಿ ತೋರಿಸಿದರಂತೆ. "ಅದು ಡಿಗ್ರಿಯೋರದು. ನಾ ಮಾಡಿದ್ದು ಎಸ್ಸೆಸ್ಸೆಲ್ಸಿ. ಅಷ್ಟೇ ಕಾಣ್ಲಿ," ಎಂದು ಕೆಲಸಕ್ಕೆ ಹೋಗುವ ಸೀರೆಯಲ್ಲೇ, ಕ್ಯಾಮೆರಾವನ್ನು ನೇರ ನೋಡುತ್ತಾ ಕೂತಿದ್ದಳು. ಫೋಟೋ ತಂದು ಅಪ್ಪನ ಮುಂದಿಟ್ಟು, "ಪಡಸಾಲ್ಯಾಗ ಹಾಕ್ಬೇಕು. ಕೆಳಗ ಬರಿ," ಎಂದಳು.

ಅಜ್ಜಿ ಅಡುಗೆಮನೆಯಿಂದ ಹೊರಗೆ ಬಂದದ್ದು ಆಗಲೇ. "ಏನು ಬರಿಯಾದು? ಬದುಕಿರೋಳ ಕೆಳಗ ಯಾರಾರ ಅಕ್ಷರ ಬರೀತಾರೇನೇ? ಅಪಶಕುನ! ಗಂಡನ ಫೋಟೋಕ್ಕ ಬರಿಸಿದ್ದು ಸಾಲ್ದಾ?" ಎಂದಳು. ಅಳಿಯನ ಹೆಸರನ್ನು ಅದೇ ಅಂಗಡಿಯಲ್ಲಿ, ಅದೇ ಕುಂಚದಿಂದ ಬರೆದಿದ್ದರು. ಅಜ್ಜಿಯದು ಬರಿಯ ಮೂಢನಂಬಿಕೆ ಎಂದು ನಾನು ಆಗ ಅಂದುಕೊಂಡಿದ್ದೆ. ಅದು ಭಯ, ಮಗಳನ್ನು ಕಳೆದುಕೊಳ್ಳುವ ಭಯ ಎಂದು ಈಗ ತಿಳಿಯುತ್ತದೆ.

ಅಪ್ಪ ಸಂಧಾನಕ್ಕೆ ಇಳಿದರು. ಅಕ್ಷರ ಬೇಕೇ ಬೇಕೆಂದರೆ ಸ್ವಲ್ಪ ಮೆತ್ತಗೆ ಬರೆಯೋಣ ಎಂದು, ಒಂದು ಚೀಟಿಯಲ್ಲಿ "ಹಿರಿಯರ ಆಶೀರ್ವಾದದಿಂದ, ತಡವಾಗಿಯಾದರೂ ವಿದ್ಯೆ ಪಡೆದ" ಎಂದು ಶುರು ಮಾಡಿದರು. ಅತ್ತೆ ಓದಿ ಚೀಟಿಯನ್ನು ವಾಪಸ್ಸು ಕೊಟ್ಟಳು.

"ಆಶೀರ್ವಾದ ಮಾಡಿದ ಹಿರಿಯರು ಯಾರು, ಹೆಸರು ಹೇಳಣ್ಣ, ಅವ್ರದೂ ಬರಿಸೋಣು. ಶಾಲೆ ಬಿಡಿಸಿದ್ದು ಹಿರಿಯರೇ. ಇನ್ನ ತಡ ಅಂತ ಯಾಕ ಬರೀಬೇಕು? ನಾ ಯಾರಿಗೂ ತಡ ಮಾಡಿಲ್ಲ. ದಿನಾ ಟೈಮಿಗೆ ಸರಿಯಾಗಿ ಅನ್ನ ಬಡಿಸಿ ಶಾಲೆಗೆ ಹೋಗೀನಿ."

"ಅವ್ವನ ಮಾತು ಮೀರಿ ನಾ ಕುಂಚ ಮುಟ್ಟಂಗಿಲ್ಲ," ಎಂದರು ಅಪ್ಪ.

ಅತ್ತೆ ಅಜ್ಜಿಯ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ಆದರೆ ಒಂದಿಷ್ಟೂ ಬಗ್ಗಿರಲಿಲ್ಲ. "ಅವ್ವ, ಸತ್ತ ಮ್ಯಾಲೆ ಬರೆಯೋ ಅಕ್ಷರ ನಂಗ ಓದಾಕ ಆಗಂಗಿಲ್ಲ. ಮತ್ತ ಓದಾಕ ಹಿಡಿದಿದ್ದೇ ಈಗ. ನಂದು ನಾನೇ ಬರ್ಕೊಂತೀನಿ."

ಮರುದಿನ ಭಾನುವಾರ ಅವಳು ಅಂಗಡಿಯ ನೆಲದ ಮೇಲೆ ರಟ್ಟು ಹಾಸಿಕೊಂಡು ಕೂತಳು. ಅಪ್ಪ ಬಂದು ಸ್ಕೇಲಿಟ್ಟು ಪೆನ್ಸಿಲಿನಿಂದ ಎರಡು ತೆಳು ಗೆರೆ ಎಳೆದು, ಕುಂಚವನ್ನು ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿ ಅವಳ ಪಕ್ಕದಲ್ಲಿಟ್ಟು ಹೋದರು. ಮೊದಲು ಪೆನ್ಸಿಲಿನಲ್ಲಿ ಪೂರ್ತಿ ಬರೆದು ಜಾಗ ನೋಡಿಕೊಳ್ಳಬೇಕು, ಆಮೇಲೆ ಬಣ್ಣ. ಅಷ್ಟು ತಾಳ್ಮೆ ಅವಳಿಗೆಲ್ಲಿಯದು? ನೇರ ಬಣ್ಣದಲ್ಲೇ ಶುರು ಮಾಡಿದಳು. ಶುರುವಿನ ಅಕ್ಷರಗಳು ಕುಂಬಳಕಾಯಿಯ ಹಾಗೆ ದುಂಡಗೆ ಬಂದವು, ಕೊನೆಯವು ಜಾಗ ಸಾಲದೆ ಸಿಟಿ ಬಸ್ಸಿನಲ್ಲಿ ನಿಂತವರಂತೆ ಒಂದಕ್ಕೊಂದು ಒತ್ತಿಕೊಂಡವು. ಬೇರೆ ರಟ್ಟು ಕೊಡುತ್ತೇನೆಂದು ಅಪ್ಪ ಅಂದಾಗ, "ಬ್ಯಾಡ, ನನ್ನ ಕೈ ಹಿಂಗೇ ಐತೆ," ಎಂದಳು.

ಬಣ್ಣ ಒಣಗುವಾಗ ಅಜ್ಜಿ ಬಾಗಿಲಲ್ಲಿ ಬಂದು ನಿಂತಳು. ಅವಳಿಗೆ ಓದು ಬರುತ್ತಿರಲಿಲ್ಲ. ಮಗಳನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. "ಏನು ಬರದೈತೆ, ಓದು." ನಾನು ಓದಿದೆ:

"ಗಿರಿಜಮ್ಮ. ಹಗಲು ಹರಿಹರದಲ್ಲಿ ದುಡಿದೆ, ಸಂಜೆ ದಾವಣಗೆರೆಯಲ್ಲಿ ಓದಿದೆ. ಎಸ್ಸೆಸ್ಸೆಲ್ಸಿ ಪಾಸಾದೆ."

ಇನ್ನೊಮ್ಮೆ ಓದು ಎಂದಳು. ಇನ್ನೊಮ್ಮೆ ಓದಿದೆ. "ಇದ್ರಾಗ ಸಾಯೋ ಮಾತೇ ಇಲ್ಲ ಬಿಡು," ಎಂದಳು. ಆಮೇಲೆ ಅತ್ತೆಯ ಮುಖ ನೋಡದೆ, "ಅವತ್ತು ಶಾಲೆ ಬಿಡಿಸಬಾರ್ದಿತ್ತೇ ಗಿರಿಜಾ," ಎಂದಳು. ಅತ್ತೆ ಎದ್ದು ಬಣ್ಣದ ಕೈಯಲ್ಲೇ ಅವ್ವನ ಭುಜ ಹಿಡಿದುಕೊಂಡಳು. ಆ ಸಂಜೆ ಅಪ್ಪ ಫೋಟೋಗೆ ಗಾಜು ಕೂರಿಸಿ, ಹೊಸಬರು ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವ ಗೋಡೆಗೆ ಮೊಳೆ ಹೊಡೆದರು. ಮುಂದಿನ ತಿಂಗಳುಗಳಲ್ಲಿ ಅವಳ ಜೊತೆ ಓದಿದ್ದ ಮಂಡಕ್ಕಿ ಭಟ್ಟಿಯ ಇಬ್ಬರು ತಮ್ಮ ತಮ್ಮ ಫೋಟೋ ಹಿಡಿದುಕೊಂಡು ಅಂಗಡಿಗೆ ಬಂದರು. ಬದುಕಿರುವವರ ಹೆಸರು ಬರೆಯುವುದು ಅಪ್ಪನಿಗೆ ಹಾಗೆ ರೂಢಿಯಾಯಿತು.

ಈಗ ಆ ಮನೆ ಇಲ್ಲ. ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು, ಉಳಿದದ್ದನ್ನು ಮಾರಿದೆವು. ಯಂತ್ರದಲ್ಲಿ ಅಕ್ಷರ ಅಚ್ಚಾಗುವ ಕಾಲ ಬಂದು ಅಪ್ಪನ ಕುಂಚಗಳು ಒಣಗಿದವು. ಅಜ್ಜಿ ಹೋದಳು, ಅಪ್ಪ ಹೋದರು, ಹೋದ ವರ್ಷ ಗಿರಿಜತ್ತೆಯೂ ಹೋದಳು. ಅವರಿಲ್ಲದ ದಾವಣಗೆರೆಯಲ್ಲಿ ಓಡಾಡುವುದು ನನಗೆ ಇವತ್ತಿಗೂ ಕಷ್ಟ. ಆ ಫೋಟೋ ಮಾತ್ರ ಹರಿಹರದ ನನ್ನ ಮನೆಯ ಪಡಸಾಲೆಯಲ್ಲಿದೆ. ಅವಳು ತೀರಿಕೊಂಡ ಮೇಲೆ ದಿನಾಂಕ ಸೇರಿಸಬೇಕೇ ಎಂದು ಮನೆಯವರು ಕೇಳಿದರು. ಬೇಡ ಎಂದೆ. ಬಂದವರು ಫೋಟೋದ ಮುಂದೆ ನಿಂತು ಆ ಸಾಲನ್ನು ಓದುತ್ತಾರೆ. ಯಾವಾಗ ತೀರಿಕೊಂಡರು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಯಾವ ವಯಸ್ಸಿಗೆ ಪಾಸಾದರು ಎಂದು ಕೇಳುತ್ತಾರೆ. ಮೂವತ್ತೆಂಟಕ್ಕೆ ಎನ್ನುತ್ತೇನೆ, ಅವಳು ಹೇಳುತ್ತಿದ್ದಷ್ಟೇ ಗಟ್ಟಿಯಾಗಿ.