ಬಿಲ್ಲಕ್ಕನ ಬಾಯಿ

ಮನೆ ಕಟ್ಟಿಸುವ ಗುತ್ತಿಗೆದಾರರ ಕಚೇರಿಯಲ್ಲಿ ಲೆಕ್ಕ ಬರೆಯುವವಳನ್ನು ಎಲ್ಲರೂ ಬಿಲ್ಲಕ್ಕ ಎಂದೇ ಕರೆಯುತ್ತಿದ್ದರು. ಬಿಲ್ಲಿಲ್ಲದೆ ಯಾರಾದರೂ ಒಂದು ಮೊಳೆ ತಂದರೂ ಅವರ ಜನ್ಮ ಜಾಲಾಡಿಬಿಡುತ್ತಿದ್ದಳು. ಅಂಥವಳಿಗೇ ತೆರಿಗೆ ಕಚೇರಿಗೆ ಬಂದು ವಿವರ ಕೊಡುವಂತೆ ಕರೆ ಬಂತು. ಸಿಮೆಂಟ್ ಕೊಳ್ಳುವಾಗಲೇ ಅಂಗಡಿಗೆ ತೆರಿಗೆ ಕೊಟ್ಟಿದ್ದೇವೆಂದು ಅವಳು ಗುತ್ತಿಗೆದಾರರು ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ ಮಾಡಿದ್ದ ಮೊತ್ತ, ಆ ಅಂಗಡಿ ತೋರಿಸಿದ ಮಾರಾಟದ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಬಿಲ್ಲಿನಲ್ಲಿ ಹೆಸರಿದ್ದ ಅಂಗಡಿಯ ಮಾಲೀಕ, ಮುದುಕರೊಬ್ಬರನ್ನೂ ಅಲ್ಲಿಗೆ ಕರೆಸಿದ್ದರು. ಅವರನ್ನು ಕಂಡದ್ದೇ ತಡ, ಬಿಲ್ಲಕ್ಕ ಎಗರಿಬಿದ್ದಳು. “ಮಾರಿದ್ದನ್ನ ಮುಚ್ಚಿಟ್ಟು ತೆರಿಗೆ ನುಂಗಿದೋರು ನೀವು, ಮಾನ ಹೋಗ್ತಿರೋದು ನಂದು! ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?”

ಅಧಿಕಾರಿ ಇಬ್ಬರ ವಿವರಗಳನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರು.

“ನಿಮ್ಮ ಬಿಲ್ಲಲ್ಲಿರೋ ನಂಬರಿನ ಬಿಲ್ ಇವರು ಒಂದು ಶಾಲೆಗೆ ಕೊಟ್ಟಿದ್ದಾರೆ, ತೆರಿಗೇನೂ ಕಟ್ಟಿದ್ದಾರೆ. ನಿಮ್ಮ ಹೆಸರಿಗೆ ಒಂದು ಬಿಲ್ಲೂ ಬರೆದಿಲ್ಲ.”

“ನಮ್ದು ಬಣ್ಣದಂಗಡಿ ಕಣಮ್ಮಾ,” ಎಂದರು ಮುದುಕರು. “ಸಿಮೆಂಟ್ ನಾವು ಮಾರೋದೇ ಇಲ್ಲ.”

ಬಿಲ್ಲಕ್ಕ ತನ್ನ ಕೈಯಲ್ಲಿದ್ದ ಬಿಲ್ಲನ್ನು ಮೊದಲ ಸಲ ಸರಿಯಾಗಿ ನೋಡಿದಳು. ಮೇಲ್ತುದಿಯಲ್ಲಿ ಬಣ್ಣ ಬಳಿಯುವ ಬ್ರಷ್ಷಿನ ಚಿತ್ರ, ಅದರ ಕೆಳಗೆ ಸಿಮೆಂಟ್ ಮೂಟೆಗಳ ಲೆಕ್ಕ. ಬೇರೆ ಯಾರೇ ತಂದಿದ್ದರೂ ಮುಖಕ್ಕೆ ಎಸೆಯುತ್ತಿದ್ದಳು.

“ಈ ನಕಲಿ ಬಿಲ್ಲನ್ನ ಯಾರು ತಂದ್ಕೊಟ್ರು?” ಅಧಿಕಾರಿ ಕೇಳಿದರು.

“ನನ್ನ ತಮ್ಮ. ಸಾಮಾನು ತರೋ ಕೆಲಸಕ್ಕೆ ನಾನೇ ಸೇರಿಸಿದ್ದೆ.” ದನಿ ಅವಳಿಗೇ ಕೇಳಿಸಲಿಲ್ಲ.

ಮುದುಕರು ತಮ್ಮ ಮುಂದಿದ್ದ ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.

“ಕುಡೀರಮ್ಮ. ಅಷ್ಟೊತ್ತು ಬೈದು ಗಂಟಲು ಒಣಗಿರತ್ತೆ.”